ಪಾಸ್‌ವರ್ಡ್ ಬದಲಾಯಿಸೋ ಮುಂಚೆ ಸ್ವಲ್ಪ ತಡಿ ಗುರು

ಪ್ಲೇಸ್‌ಮೆಂಟ್ ಸೀಸನ್ ಶುರುವಾದರೆ ನಮ್ಮ ಹಾಸ್ಟೆಲ್ ಕಾರಿಡಾರ್‌ನಲ್ಲಿ ದಿನಕ್ಕೆ ಹತ್ತು ಸಲ ಕೇಳಿಸೋ ಪ್ರಶ್ನೆ ಒಂದೇ: "ಲೋ, ನಿಂಗೆ ಮೇಲ್ ಬಂತಾ?" ಕಳೆದ ಸೀಸನ್‌ನಲ್ಲಿ ನನ್ನ ರೂಮ್‌ಮೇಟ್ ಈ ಪ್ರಶ್ನೆಗೆ ನಾಲ್ಕು ದಿನ "ಇಲ್ಲ ಮಗಾ, ಏನೂ ಬಂದಿಲ್ಲ" ಅಂತ ಉತ್ತರ ಕೊಟ್ಟ. ಮೇಲ್ ಬಂದಿತ್ತು. ಮಂಗಳವಾರವೇ ಬಂದಿತ್ತು. ಆನ್‌ಲೈನ್ ಟೆಸ್ಟ್‌ನ ಲಿಂಕ್ ಅದು, 48 ಗಂಟೆ ಮಾತ್ರ ಚಾಲ್ತಿಯಲ್ಲಿರೋದು. ಅವನು ಅದನ್ನು ನೋಡಿದ್ದು ಶನಿವಾರ ಬೆಳಿಗ್ಗೆ, ಲ್ಯಾಬ್ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ. ಫೋನಿನ ಮೇಲ್ ಆ್ಯಪ್ ಅಷ್ಟೂ ದಿನ ಒಂದು ಉಂಗುರ ತಿರುಗಿಸುತ್ತಾ "ಸಿಂಕ್ ಆಗ್ತಿದೆ" ಅಂತ ತೋರಿಸುತ್ತಲೇ ಇತ್ತು.

ಅವನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಅವನಿಗೆ ಆದದ್ದು ನಮ್ಮಲ್ಲಿ ಸುಮಾರು ಜನಕ್ಕೆ ಆಗುತ್ತೆ. ಆದಾಗ ನಾವೆಲ್ಲ ಮಾಡೋದು ಅವನು ಮಾಡಿದ್ದನ್ನೇ. ಮೊದಲು ಪಾಸ್‌ವರ್ಡ್ ಬದಲಾಯಿಸ್ತೀವಿ. ಅದು ಆಗದಿದ್ದರೆ ಟು-ಸ್ಟೆಪ್ ಆಫ್ ಮಾಡ್ತೀವಿ. ನನ್ನ ವಾದ ಇಷ್ಟೇ: ಈ ಎರಡೂ ಕೆಲಸ ಸಮಸ್ಯೆಯನ್ನು ಬಗೆಹರಿಸೋದಿಲ್ಲ, ಬಹಳ ಸಲ ಅವೇ ಸಮಸ್ಯೆಯನ್ನು ಹುಟ್ಟಿಸುತ್ತವೆ. ಸರ್ಕ್ಯೂಟ್ ಕೆಲಸ ಮಾಡದಿದ್ದರೆ ಮಲ್ಟಿಮೀಟರ್ ಹಿಡಿದು ಎಲ್ಲಿ ತನಕ ವೋಲ್ಟೇಜ್ ಬರ್ತಿದೆ ಅಂತ ನೋಡೋ ನಾವು, ಮೇಲ್ ವಿಷಯದಲ್ಲಿ ಮಾತ್ರ ಯಾಕೆ ಕಣ್ಣು ಮುಚ್ಚಿ ಬೋರ್ಡನ್ನೇ ಬದಲಾಯಿಸ್ತೀವಿ?

ಆದದ್ದೇನು

ಅವನದು ಮಾಮೂಲಿ ಜಿಮೇಲ್ ಖಾತೆ. ಫೋನಿನಲ್ಲಿ ಜಿಮೇಲ್ ಆ್ಯಪ್ ಬಳಸುತ್ತಿರಲಿಲ್ಲ, ಬೇರೊಂದು ಮೇಲ್ ಆ್ಯಪ್ ಇತ್ತು. ಖಾತೆಗೆ ಟು-ಸ್ಟೆಪ್ ಹಾಕಿದ್ದ. ಆ್ಯಪ್‌ಗೆ ಖಾತೆ ಸೇರಿಸುವಾಗ ಮಾಮೂಲಿ ಪಾಸ್‌ವರ್ಡ್ ಒಪ್ಪಲಿಲ್ಲ ಅಂತ, ಯಾರದೋ ಸಲಹೆ ಕೇಳಿ ಗೂಗಲ್‌ನಿಂದ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತೆಗೆದು ಹಾಕಿದ್ದ. ಒಂದು ವರ್ಷ ಏನೂ ತೊಂದರೆ ಇರಲಿಲ್ಲ.

ಆ ಸೋಮವಾರ ಸಂಜೆ ರೆಸ್ಯೂಮೆ ಪ್ರಿಂಟ್ ತೆಗೆಸೋಕೆ ಗೇಟ್ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋದ. ಅಲ್ಲಿನ ಕಂಪ್ಯೂಟರ್‌ನಲ್ಲೇ ಮೇಲ್ ತೆರೆದ. ರೂಮಿಗೆ ಬಂದ ಮೇಲೆ ಲಾಗ್‌ಔಟ್ ಮಾಡಿದ್ನೋ ಇಲ್ವೋ ಅಂತ ಅನುಮಾನ ಬಂತು. ಸರಿ, ಗೂಗಲ್ ಪಾಸ್‌ವರ್ಡ್ ಬದಲಾಯಿಸಿ ಮಲಗಿದ.

ಇದರಲ್ಲಿ ಅವನ ತಪ್ಪೇನೂ ಇಲ್ಲ, ಅನುಮಾನ ಬಂದರೆ ಪಾಸ್‌ವರ್ಡ್ ಬದಲಾಯಿಸಲೇಬೇಕು. ಅವನಿಗೆ ಗೊತ್ತಿಲ್ಲದೇ ಇದ್ದದ್ದು ಒಂದು ಸಂಗತಿ: ಗೂಗಲ್ ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಾದರೆ ಹಿಂದೆ ತೆಗೆದ ಆ್ಯಪ್ ಪಾಸ್‌ವರ್ಡ್‌ಗಳೆಲ್ಲ ಆ ಕ್ಷಣವೇ ರದ್ದಾಗುತ್ತವೆ. ಹೀಗೆ ಮಾಡಿರೋದು ಸರಿಯಾಗಿಯೇ ಇದೆ. ಕಳ್ಳ ಒಳಗೆ ಬಂದು ತನಗೊಂದು ಆ್ಯಪ್ ಪಾಸ್‌ವರ್ಡ್ ಮಾಡಿಕೊಂಡಿದ್ದರೆ ಅದೂ ಸಾಯಬೇಕಲ್ಲ. ಆದರೆ ಇವನ ಫೋನ್ ಮಾತ್ರ ಸತ್ತ ಪಾಸ್‌ವರ್ಡನ್ನೇ ಹಿಡಿದುಕೊಂಡು ಸರ್ವರ್‌ನ ಬಾಗಿಲು ತಟ್ಟುತ್ತಾ ಕೂತಿತು. ಒಂದು ನೋಟಿಫಿಕೇಶನ್ ಬಂದಿತ್ತಂತೆ, "ಸೈನ್‌ಇನ್ ಆಗಲಿಲ್ಲ" ಅನ್ನೋ ಥರದ್ದು. ಊಟದ ಆರ್ಡರ್, ಕ್ರಿಕೆಟ್ ಸ್ಕೋರ್ ಜೊತೆಗೆ ಅದನ್ನೂ ಒಂದೇ ಉಜ್ಜಿಗೆ ಉಜ್ಜಿ ತೆಗೆದಿದ್ದ. ಆಮೇಲೆ ಆ್ಯಪ್ ತೆರೆದಾಗೆಲ್ಲ ಹಳೆಯ ಮೇಲ್‌ಗಳು ಕಾಣುತ್ತಿದ್ದವು, ಮೇಲೊಂದು ಉಂಗುರ ತಿರುಗುತ್ತಿತ್ತು. ಹಳೆಯ ಮೇಲ್ ಕಾಣ್ತಿದೆ ಅಂದರೆ ಎಲ್ಲಾ ಸರಿ ಇದೆ ಅಂತಲೇ ಅಲ್ವಾ ನಾವು ಅಂದುಕೊಳ್ಳೋದು?

ಶನಿವಾರ ವಿಷಯ ಗೊತ್ತಾದಾಗ ಅವನಿಗೆ ಕೈಕಾಲು ಆಡಲಿಲ್ಲ. ಆ್ಯಪ್ ಪಾಸ್‌ವರ್ಡ್ ಕೇಳ್ತು, ಹೊಸ ಗೂಗಲ್ ಪಾಸ್‌ವರ್ಡ್ ಹಾಕಿದ, "ತಪ್ಪು" ಅಂತು. ಮತ್ತೊಮ್ಮೆ ಪಾಸ್‌ವರ್ಡ್ ಬದಲಾಯಿಸಿ ಹಾಕಿದ, ಮತ್ತೆ "ತಪ್ಪು". ಪಕ್ಕದ ರೂಮಿನ ಸೀನಿಯರ್ ಒಬ್ಬರು "ಟು-ಸ್ಟೆಪ್ ತೆಗೆದುಬಿಡು, ಅದರದ್ದೇ ಕಾಟ" ಅಂದರು. ತೆಗೆದ. ಆಗಲೂ ಆಗಲಿಲ್ಲ. ಜೊತೆಗೆ ಆ್ಯಪ್ ಪಾಸ್‌ವರ್ಡ್ ತೆಗೆಯೋ ಪುಟವೂ ಮಾಯವಾಯಿತು. ಕಾಲೇಜಿನ ಮೇಲ್ ಸೆಟಪ್ ಪಿಡಿಎಫ್ ತೆರೆದರೆ, ಅದರಲ್ಲಿ "ಲೆಸ್ ಸೆಕ್ಯೂರ್ ಆ್ಯಪ್" ಅನ್ನೋ ಸ್ವಿಚ್ ಆನ್ ಮಾಡಿ ಅಂತಿತ್ತು. ಹುಡುಕಿ ಹುಡುಕಿ ಸಾಕಾಯಿತು, ಅಂಥ ಸ್ವಿಚ್ಚೇ ಸಿಗಲಿಲ್ಲ.

ಸಿಗೋದೂ ಇಲ್ಲ. ವೈಯಕ್ತಿಕ ಜಿಮೇಲ್ ಖಾತೆಗಳಲ್ಲಿ ಆ ಸ್ವಿಚ್ ಅನ್ನು ಗೂಗಲ್ 2022ರ ಮೇ 30ರಂದು ನಿಲ್ಲಿಸಿತು. ಕಾಲೇಜು, ಕಂಪನಿಗಳ ಖಾತೆಗಳಲ್ಲೂ 2025ರಲ್ಲಿ ಅದು ಮುಗಿಯಿತು. ಅಂದರೆ ಬೇರೆ ಆ್ಯಪ್‌ಗಳಿಗೆ ಮಾಮೂಲಿ ಪಾಸ್‌ವರ್ಡ್ ಕೊಟ್ಟು ಮೇಲ್ ತರಿಸೋ ದಾರಿಯೇ ಈಗ ಇಲ್ಲ. ಟು-ಸ್ಟೆಪ್ ಇದ್ದರೂ ಇಲ್ಲ, ತೆಗೆದರೂ ಇಲ್ಲ. ಟು-ಸ್ಟೆಪ್ ತೆಗೆದರೆ ಆಗೋದು ಒಂದೇ: ಉಳಿದಿದ್ದ ದಾರಿಯಾದ ಆ್ಯಪ್ ಪಾಸ್‌ವರ್ಡ್ ಕೂಡ ಮುಚ್ಚಿಹೋಗುತ್ತೆ, ಯಾಕಂದ್ರೆ ಟು-ಸ್ಟೆಪ್ ಇರೋ ಖಾತೆಗೆ ಮಾತ್ರ ಅದು ಸಿಗೋದು. ಸೀನಿಯರ್ ಹೇಳಿದ ಮದ್ದು ರೋಗಕ್ಕಿಂತ ಕೆಟ್ಟದ್ದು ಅಂತ ನಾನು ಹೇಳೋದು ಇದಕ್ಕೇ.

ಮೌನವೋ, ನಿರಾಕರಣೆಯೋ

ಆ ರಾತ್ರಿ ಇಬ್ಬರೂ ಕೂತು ಮೊದಲಿಂದ ನೋಡಿದೆವು. ನೋಡಿದ ಕ್ರಮವನ್ನೇ ಹೇಳ್ತೀನಿ, ಅದರಲ್ಲೇ ವಿಷಯ ಇದೆ.

ಮೊದಲು ಬ್ರೌಸರ್. ಹೊಸ ಮೇಲ್ ಬ್ರೌಸರ್‌ನಲ್ಲಿ ಕಾಣ್ತಿದೆಯಾ? ಕಾಣ್ತಿತ್ತು. ಹಾಗಾದರೆ ಖಾತೆ ಚೆನ್ನಾಗಿದೆ, ಮೇಲ್ ಸರ್ವರ್ ತಲುಪಿದೆ, ತೊಂದರೆ ಇರೋದು ಆ್ಯಪ್ ಮತ್ತು ಸರ್ವರ್ ನಡುವೆ. ಬ್ರೌಸರ್‌ನಲ್ಲೂ ಕಾಣದಿದ್ದರೆ ಆ್ಯಪ್ ಮುಟ್ಟಿ ಪ್ರಯೋಜನವಿಲ್ಲ. ಆಗ ನೋಡಬೇಕಾದ್ದು ಜಾಗ ತುಂಬಿದೆಯಾ ಅಂತ. ಗೂಗಲ್ ಉಚಿತವಾಗಿ ಕೊಡೋ 15 ಜಿಬಿಯನ್ನು ಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಟ್ರಿಪ್‌ನ ವಿಡಿಯೋಗಳು ಜಾಗ ತುಂಬಿಸಿಬಿಟ್ಟರೆ ಹೊಸ ಮೇಲ್ ಒಳಗೇ ಬರೋದಿಲ್ಲ.

ಎರಡನೆಯದು, ಆ್ಯಪ್ ಎಷ್ಟು ಹೊತ್ತಿಗೆ ಸೋಲ್ತಿದೆ ಅನ್ನೋದು. ಇದನ್ನು ಯಾರೂ ಗಮನಿಸೋದಿಲ್ಲ, ಆದರೆ ಅರ್ಧ ಉತ್ತರ ಇಲ್ಲೇ ಸಿಗುತ್ತೆ. ಪಾಸ್‌ವರ್ಡ್ ಹಾಕಿ ಒತ್ತಿದ ಒಂದೆರಡು ಸೆಕೆಂಡಿಗೇ "ತಪ್ಪು" ಅಂತ ಬಂದರೆ, ಆ್ಯಪ್ ಸರ್ವರ್ ತನಕ ಹೋಗಿದೆ, ಸರ್ವರ್ ಕೇಳಿಸಿಕೊಂಡಿದೆ, ಬೇಡ ಅಂದಿದೆ. ಇದು ನಿರಾಕರಣೆ. ಅದರ ಬದಲು ನಿಮಿಷಗಟ್ಟಲೆ ತಿರುಗಿ ತಿರುಗಿ ಕೊನೆಗೆ "ಸಂಪರ್ಕ ಸಿಗಲಿಲ್ಲ" ಅಂದರೆ, ಸರ್ವರ್ ಜೊತೆ ಮಾತೇ ಆಗಿಲ್ಲ. ಇದು ಮೌನ. ಮೌನಕ್ಕೆ ಪಾಸ್‌ವರ್ಡ್ ಕಾರಣ ಆಗೋಕೆ ಸಾಧ್ಯವೇ ಇಲ್ಲ, ಪಾಸ್‌ವರ್ಡ್ ಕೇಳೋ ಹಂತಕ್ಕೇ ಅದು ಹೋಗಿರೋದಿಲ್ಲ.

ಮೌನಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಒಂದು ನಮ್ಮದೇ ನೆಟ್‌ವರ್ಕ್. ಬ್ರೌಸರ್ ಬಳಸೋದು 443ನೇ ಪೋರ್ಟ್, ಮೇಲ್ ಆ್ಯಪ್ ಐಮ್ಯಾಪ್‌ಗೆ ಬಳಸೋದು 993. ಹಾಸ್ಟೆಲ್ ವೈಫೈ ಫೈರ್‌ವಾಲ್ ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ತಡೆದಿದ್ದರೆ, ಬ್ರೌಸರ್‌ನಲ್ಲಿ ಎಲ್ಲಾ ಸರಾಗ, ಆ್ಯಪ್ ಮಾತ್ರ ಸ್ತಬ್ಧ. ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಒಮ್ಮೆ ನೋಡಿದರೆ ಸಾಕು, ಗೊತ್ತಾಗುತ್ತೆ.

ಇನ್ನೊಂದು ಕಾರಣ ಸರ್ವರ್ ಸೆಟ್ಟಿಂಗ್. ಜಿಮೇಲ್‌ಗೆ ಇರಬೇಕಾದ್ದು ಇಷ್ಟು:

```
IMAP: imap.gmail.com   993   SSL/TLS
SMTP: smtp.gmail.com   465   SSL/TLS
      smtp.gmail.com   587   STARTTLS
```

ಯೂಸರ್‌ನೇಮ್ ಜಾಗದಲ್ಲಿ ಪೂರ್ತಿ ಮೇಲ್ ವಿಳಾಸ ಹಾಕಬೇಕು, ಬರೀ ಮುಂದಿನ ಭಾಗ ಅಲ್ಲ. ಇಲ್ಲಿ ಜನ ಎಡವೋದು ಪೋರ್ಟ್ ಮತ್ತು ಭದ್ರತೆಯ ಜೋಡಿಯಲ್ಲಿ. 993ಕ್ಕೆ `SSL/TLS` ಬದಲು `STARTTLS` ಆರಿಸಿಬಿಟ್ಟಿದ್ದೀರಿ ಅಂತ ಇಟ್ಟುಕೊಳ್ಳಿ. `STARTTLS` ಪದ್ಧತಿಯಲ್ಲಿ ಮೊದಲು ಸರ್ವರ್ ನಮಸ್ಕಾರ ಹೇಳಬೇಕು, ಆಮೇಲೆ ಗೂಢಲಿಪಿ ಶುರು ಮಾಡೋದು. ಹಾಗಾಗಿ ಆ್ಯಪ್ ನಮಸ್ಕಾರಕ್ಕೆ ಕಾಯುತ್ತೆ. ಆದರೆ 993ರಲ್ಲಿ ಕೂತ ಸರ್ವರ್, ಮೊದಲು ಆ್ಯಪ್ ಗೂಢಲಿಪಿ ಶುರು ಮಾಡಲಿ ಅಂತ ಕಾಯುತ್ತಿರುತ್ತೆ. ಮದುವೆ ಮನೆಯ ಬಾಗಿಲಲ್ಲಿ ಇಬ್ಬರು ಹಿರಿಯರು "ನೀವು ಮೊದಲು ಬನ್ನಿ", "ಅಯ್ಯೋ, ನೀವು ಮೊದಲು" ಅಂತ ನಿಂತುಬಿಡ್ತಾರಲ್ಲ, ಹಾಗೆ. ಇಬ್ಬರೂ ಸರಿಯಾಗಿಯೇ ನಡೆದುಕೊಳ್ತಿದ್ದಾರೆ, ಒಳಗೆ ಮಾತ್ರ ಯಾರೂ ಹೋಗ್ತಿಲ್ಲ. ಸ್ಕ್ರೀನ್ ಮೇಲೆ ನಮಗೆ ಕಾಣೋದು ತಿರುಗೋ ಉಂಗುರ.

ನಮ್ಮ ಕೇಸಿನಲ್ಲಿ ವೈಫೈ, ಡೇಟಾ ಎರಡರಲ್ಲೂ ಒಂದೇ ಥರ, ಪಾಸ್‌ವರ್ಡ್ ಹಾಕಿದ ತಕ್ಷಣ "ತಪ್ಪು". ಸೆಟ್ಟಿಂಗ್ ಮೂರೂ ಸರಿ ಇದ್ದವು. ಅಂದರೆ ಇದು ಮೌನ ಅಲ್ಲ, ನಿರಾಕರಣೆ. ಹಾಗಾದರೆ ಸರ್ವರ್ ನಿಜವಾಗಿ ಹೇಳಿದ ಮಾತೇನು?

ಸರ್ವರ್ ಹೇಳಿದ್ದು ಒಂದು, ಆ್ಯಪ್ ತೋರಿಸಿದ್ದು ಇನ್ನೊಂದು

ಐಮ್ಯಾಪ್ ಅನ್ನೋದು ಅಕ್ಷರಗಳಲ್ಲೇ ನಡೆಯೋ ಮಾತುಕತೆ. ಆ್ಯಪ್ ಬಿಟ್ಟು ನಾವೇ ಸರ್ವರ್ ಜೊತೆ ಮಾತಾಡಬಹುದು. ಮೊದಲು ರೂಮ್‌ಮೇಟ್ ಕೈಲಿ ಟು-ಸ್ಟೆಪ್ ಮತ್ತೆ ಆನ್ ಮಾಡಿಸಿದೆ. ಆಮೇಲೆ ನನ್ನ ಲ್ಯಾಪ್‌ಟಾಪ್‌ನ ಟರ್ಮಿನಲ್‌ನಲ್ಲಿ ಇದನ್ನು ಓಡಿಸಿದೆವು:

```
openssl s_client -connect imap.gmail.com:993 -crlf -quiet
```

ಸರ್ಟಿಫಿಕೇಟ್‌ನ ಕೆಲವು ಸಾಲು ಬಂದ ಮೇಲೆ `* OK Gimap ready` ಅಂತ ಶುರುವಾಗೋ ಒಂದು ಸಾಲು ಬಂತು. ಸರ್ವರ್ ತಲುಪಿದೆವು, ಗೂಢಲಿಪಿ ಸರಿ ಇದೆ ಅಂತ ಅರ್ಥ. ನೀವು ಮಾಡುವಾಗ ಈ ಸಾಲೇ ಬರದಿದ್ದರೆ ಅಲ್ಲಿಗೇ ನಿಲ್ಲಿಸಿ, ತೊಂದರೆ ನೆಟ್‌ವರ್ಕ್‌ನದ್ದು. ಮುಂದೆ ಅವನು ಹಳೆಯ ಆ್ಯಪ್ ಪಾಸ್‌ವರ್ಡ್ ಟೈಪ್ ಮಾಡಿದ. ಬಂದ ಉತ್ತರ:

```
a1 LOGIN USER@gmail.com "................"
a1 NO [AUTHENTICATIONFAILED] Invalid credentials (Failure)
```

ಈ ಪಾಸ್‌ವರ್ಡ್ ನನಗೆ ಗೊತ್ತಿಲ್ಲ, ಅಂತ ಸರ್ವರ್ ಹೇಳ್ತಿದೆ. ರದ್ದಾದ ಪಾಸ್‌ವರ್ಡ್‌ಗೆ ಬೇರೆ ಏನು ಹೇಳುತ್ತೆ? ಈಗ ಗೂಗಲ್‌ನ ಮಾಮೂಲಿ, ಹೊಸ, ಸರಿಯಾದ ಪಾಸ್‌ವರ್ಡ್ ಹಾಕಿದ. ಈ ಸಲ ಉತ್ತರದ ಶುರುವಿನ ಭಾಗ ಬೇರೆ ಇತ್ತು:

```
a2 NO [ALERT] Application-specific password required
```

ಇದನ್ನು ನಿಧಾನವಾಗಿ ಓದಿ. ಪಾಸ್‌ವರ್ಡ್ ತಪ್ಪು ಅಂತ ಸರ್ವರ್ ಹೇಳಿಯೇ ಇಲ್ಲ. ಈ ಬಾಗಿಲಿಗೆ ಈ ಬೀಗದ ಕೈ ನಡೆಯೋದಿಲ್ಲ, ಆ್ಯಪ್ ಪಾಸ್‌ವರ್ಡ್ ತಾ ಅಂತ ಸ್ಪಷ್ಟವಾಗಿ ಹೇಳಿದೆ. ಅದರ ಹಿಂದೆ ಗೂಗಲ್‌ನ ಸಹಾಯ ಪುಟದ ವಿಳಾಸವನ್ನೂ ಕೊಟ್ಟಿತ್ತು. ಎರಡು ಬೇರೆ ಬೇರೆ ಉತ್ತರ, ಎರಡು ಬೇರೆ ಬೇರೆ ಕಾರಣ. ಅವನ ಫೋನಿನ ಆ್ಯಪ್ ಎರಡಕ್ಕೂ ತೋರಿಸಿದ್ದು ಒಂದೇ ವಾಕ್ಯ, "ಪಾಸ್‌ವರ್ಡ್ ತಪ್ಪು". ಅದನ್ನು ನಂಬಿ ಅವನು ಸರಿ ಇದ್ದ ಪಾಸ್‌ವರ್ಡನ್ನು ಎರಡನೇ ಸಲ ಬದಲಾಯಿಸಿದ್ದ.

ನನ್ನ ದೊಡ್ಡ ತಕರಾರು ಇದೇ. ಬಳಸೋರಿಗೆ ಗೊಂದಲ ಬೇಡ ಅಂತ ಎರರ್ ಸಾಲನ್ನು ಮುಚ್ಚಿಟ್ಟು ಚಂದದ ಒಂದು ವಾಕ್ಯ ತೋರಿಸೋ ಅಭ್ಯಾಸ ಆ್ಯಪ್ ಮಾಡೋರಲ್ಲಿ ಇದೆ. ನಾಳೆ ಆ್ಯಪ್ ಮಾಡೋರು ನಾವೇ. ನಮ್ಮ ಮಿನಿ ಪ್ರಾಜೆಕ್ಟ್‌ಗಳಲ್ಲೂ `except` ಹಾಕಿ ಎಲ್ಲಾ ತಪ್ಪಿಗೂ "Something went wrong" ಅಂತ ಪ್ರಿಂಟ್ ಮಾಡಿ ಸುಮ್ಮನಾಗ್ತೀವಲ್ಲ, ಅದೂ ಇದೇ. ಚಂದದ ವಾಕ್ಯ ಇರಲಿ, ಬೇಡ ಅನ್ನೋಲ್ಲ. ಅದರ ಕೆಳಗೆ ಸರ್ವರ್ ಹೇಳಿದ ಸಾಲನ್ನೂ ಸಣ್ಣ ಅಕ್ಷರದಲ್ಲಾದರೂ ತೋರಿಸಿದ್ದರೆ, ನನ್ನ ರೂಮ್‌ಮೇಟ್ ಶನಿವಾರದ ಅರ್ಧ ದಿನ ಹಾಳು ಮಾಡಿಕೊಳ್ತಿರಲಿಲ್ಲ.

ಒಂದು ಎಚ್ಚರಿಕೆ. ಈ ಪರೀಕ್ಷೆಯಲ್ಲಿ ಪಾಸ್‌ವರ್ಡ್ ಪರದೆ ಮೇಲೆ ಹಾಗೇ ಕಾಣುತ್ತೆ. ನಿಮ್ಮ ಸ್ವಂತ ಲ್ಯಾಪ್‌ಟಾಪ್‌ನಲ್ಲಿ, ಪಕ್ಕದಲ್ಲಿ ಯಾರೂ ಇಣುಕದಿರುವಾಗ ಮಾಡಿ. ಟೈಪ್ ಮಾಡುವಾಗ ನಾನು ಕಿಟಕಿ ಕಡೆ ತಿರುಗಿಕೊಂಡಿದ್ದೆ. ಮುಗಿದ ಮೇಲೆ `a3 LOGOUT` ಕೊಟ್ಟು ಟರ್ಮಿನಲ್ ಮುಚ್ಚಿ. ಲ್ಯಾಬ್ ಸಿಸ್ಟಮ್‌ನಲ್ಲಂತೂ ಬೇಡವೇ ಬೇಡ.

ಆ್ಯಪ್ ಪಾಸ್‌ವರ್ಡ್ ಮೊದಲ ಆಯ್ಕೆ ಆಗಬಾರದು

ಕಾರಣ ಸಿಕ್ಕಿತು. ಹೊಸ ಆ್ಯಪ್ ಪಾಸ್‌ವರ್ಡ್ ತೆಗೆದು ಹಾಕಿದರೆ ಎರಡು ನಿಮಿಷದ ಕೆಲಸ. ಅವನು ಅದಕ್ಕೇ ಹೊರಟ. ನಾನು ಬೇಡ ಅಂದೆ. ಇದರ ಬಗ್ಗೆ ನಮ್ಮಿಬ್ಬರಿಗೂ ಸುಮಾರು ವಾದ ಆಯಿತು, ನೀವೂ ನನ್ನ ಜೊತೆ ವಾದ ಮಾಡಬಹುದು.

ಹೆಸರು ನೋಡಿದರೆ ಅದು ಒಂದು ಆ್ಯಪ್‌ಗೆ ಮಾತ್ರ ಸೇರಿದ ಪಾಸ್‌ವರ್ಡ್ ಅನ್ನಿಸುತ್ತೆ. ಹಾಗಿಲ್ಲ. ಅದಕ್ಕೆ ನಾವು ಕೊಡೋ "ಫೋನ್ ಮೇಲ್" ಅನ್ನೋ ಹೆಸರು ನಮ್ಮ ನೆನಪಿಗೆ ಮಾತ್ರ. ಆ 16 ಅಕ್ಷರ ಯಾರ ಕೈಗೆ ಸಿಕ್ಕರೂ, ಅವರು ಯಾವ ಕಂಪ್ಯೂಟರ್‌ನಿಂದಾದರೂ ಐಮ್ಯಾಪ್‌ನಲ್ಲಿ ನಿಮ್ಮ ಎಲ್ಲಾ ಮೇಲ್ ಓದಬಹುದು, ನಿಮ್ಮ ಹೆಸರಲ್ಲಿ ಮೇಲ್ ಕಳಿಸಬಹುದು. ಎರಡನೇ ಹಂತದಲ್ಲಿ ಫೋನಿಗೆ ಕೇಳೋ ಪ್ರಶ್ನೆ ಅವರಿಗೆ ಬರೋದೇ ಇಲ್ಲ. ಟು-ಸ್ಟೆಪ್ ಅನ್ನೋ ಮುಂಬಾಗಿಲಿಗೆ ಎರಡು ಬೀಗ ಹಾಕಿ, ಆ್ಯಪ್ ಪಾಸ್‌ವರ್ಡ್ ಅನ್ನೋ ಹಿತ್ತಲ ಬಾಗಿಲಿಗೆ ಒಂದೇ ಚಿಲಕ ಇಟ್ಟ ಹಾಗೆ.

ಇದಕ್ಕಿಂತ ಒಳ್ಳೆಯ ದಾರಿ ಅವನ ಆ್ಯಪ್‌ನಲ್ಲೇ ಇತ್ತು. ಖಾತೆ ಸೇರಿಸುವಾಗ "ಇತರೆ" ಅಥವಾ ಐಮ್ಯಾಪ್ ಬದಲು "ಗೂಗಲ್" ಅಂತ ಆರಿಸಿದರೆ, ಗೂಗಲ್‌ನದೇ ಪುಟ ತೆರೆದುಕೊಳ್ಳುತ್ತೆ. ಪಾಸ್‌ವರ್ಡ್ ಅಲ್ಲಿ ಹಾಕ್ತೀರಿ, ಟು-ಸ್ಟೆಪ್ ಅಲ್ಲೇ ಮುಗಿಸ್ತೀರಿ, "ಈ ಆ್ಯಪ್‌ಗೆ ಮೇಲ್ ನೋಡೋಕೆ ಬಿಡಲಾ?" ಅಂತ ಗೂಗಲ್ ಕೇಳುತ್ತೆ. ಹೂಂ ಅಂದರೆ ಆ್ಯಪ್ ಕೈಗೆ ಒಂದು ಟೋಕನ್ ಸಿಗುತ್ತೆ. ನಿಮ್ಮ ಪಾಸ್‌ವರ್ಡ್ ಏನು ಅಂತ ಆ್ಯಪ್‌ಗೆ ಕೊನೆಗೂ ಗೊತ್ತಾಗೋದಿಲ್ಲ. ಥಂಡರ್‌ಬರ್ಡ್‌ನಲ್ಲಿ ಇದನ್ನೇ `OAuth2` ಅಂತ ತೋರಿಸ್ತಾರೆ. ದೃಢೀಕರಣ ವಿಧಾನದಲ್ಲಿ `Normal password` ಇದ್ದರೆ ಅದನ್ನು `OAuth2`ಗೆ ಬದಲಾಯಿಸಿದರೆ ಸಾಕು. ಗೂಗಲ್ ಪಾಸ್‌ವರ್ಡ್ ಬದಲಾಯಿಸಿದರೆ ಮೇಲ್‌ನ ಈ ಟೋಕನ್ ಕೂಡ ರದ್ದಾಗುತ್ತೆ, ಅದು ನಿಜ. ಆದರೆ ಆಗ ಮತ್ತೆ ಅದೇ ಗೂಗಲ್ ಪುಟದಲ್ಲಿ ಸೈನ್‌ಇನ್ ಆಗಬೇಕು, ಹೊಸ ಪಾಸ್‌ವರ್ಡ್ ಅಲ್ಲಿ ನಡೆಯುತ್ತೆ. ಸರಿಯಾದ ಪಾಸ್‌ವರ್ಡನ್ನು "ತಪ್ಪು" ಅನ್ನಿಸಿಕೊಳ್ಳೋ ಗೋಳು ಇರೋದಿಲ್ಲ.

ರೂಮ್‌ಮೇಟ್ ಹಳೆಯ ಖಾತೆಯನ್ನು ಆ್ಯಪ್‌ನಿಂದ ತೆಗೆದು ಹೀಗೆ ಮತ್ತೆ ಸೇರಿಸಿದ. ಐಮ್ಯಾಪ್‌ನಲ್ಲಿ ಮೇಲ್ ಇರೋದು ಸರ್ವರ್‌ನಲ್ಲಿ, ಹಾಗಾಗಿ ಖಾತೆ ತೆಗೆದರೆ ಮೇಲ್ ಹೋಗಿಬಿಡುತ್ತೆ ಅನ್ನೋ ಭಯ ಬೇಡ. ಕಳಿಸದೆ ಫೋನಿನಲ್ಲೇ ಉಳಿದ ಮೇಲ್ ಇದ್ದರೆ ಮಾತ್ರ ಮೊದಲು ಕಾಪಿ ಮಾಡಿಟ್ಟುಕೊಳ್ಳಿ.

ಹಾಗಾದರೆ ಆ್ಯಪ್ ಪಾಸ್‌ವರ್ಡ್ ಯಾವಾಗ ಬೇಕು? ನಮ್ಮಂಥವರಿಗೆ ಬೇಕಾಗೋದು ಮುಖ್ಯವಾಗಿ ಪ್ರಾಜೆಕ್ಟ್‌ನಲ್ಲಿ. ಸೆನ್ಸರ್ ಓದಿದ್ದು ಮಿತಿ ಮೀರಿದರೆ ಮೇಲ್ ಕಳಿಸೋ ಪೈಥಾನ್ ಕೋಡ್ ಬರೀತೀವಿ, ಹಳೆಯ ವಿಡಿಯೋ ನೋಡಿ ಮಾಮೂಲಿ ಪಾಸ್‌ವರ್ಡ್ ಹಾಕ್ತೀವಿ, `535` ಅಂತ ಶುರುವಾಗಿ `Username and Password not accepted` ಅನ್ನೋ ಎರರ್ ಬರುತ್ತೆ. ಇಲ್ಲಿ ಆ್ಯಪ್ ಪಾಸ್‌ವರ್ಡ್ ಸುಲಭದ ದಾರಿ. ಟು-ಸ್ಟೆಪ್ ಆನ್ ಇರಲಿ, `myaccount.google.com/apppasswords` ಪುಟಕ್ಕೆ ಹೋಗಿ ಒಂದು ಹೆಸರು ಕೊಡಿ, 16 ಅಕ್ಷರ ಒಮ್ಮೆ ಮಾತ್ರ ತೋರಿಸುತ್ತೆ. ಆದರೆ ಅದನ್ನು ಕೋಡ್‌ನೊಳಗೆ ಬರೀಬೇಡಿ, ಹೀಗೆ ಹೊರಗಿನಿಂದ ತನ್ನಿ:

```python
import os, smtplib
s = smtplib.SMTP_SSL("smtp.gmail.com", 465)
s.login(os.environ["MAIL_USER"], os.environ["MAIL_APP_PW"])
```

ಡೆಮೊ ಹಿಂದಿನ ರಾತ್ರಿ ಅವಸರದಲ್ಲಿ ಕೋಡ್‌ನೊಳಗೇ ಬರೆದು ಪಬ್ಲಿಕ್ ರೆಪೊಗೆ ಪುಶ್ ಮಾಡಿದರೆ, ನಿಮ್ಮ ಪೂರ್ತಿ ಇನ್‌ಬಾಕ್ಸ್‌ನ ಕೀಲಿಯನ್ನು ನೋಟಿಸ್ ಬೋರ್ಡ್‌ಗೆ ನೇತುಹಾಕಿದ ಹಾಗೆ. ಆಮೇಲೆ ಆ ಸಾಲು ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಅದು ಉಳಿದಿರುತ್ತೆ. ಹಾಗೇನಾದರೂ ಆಗಿದ್ದರೆ ಕೋಡ್ ತಿದ್ದುತ್ತಾ ಕೂರಬೇಡಿ, ಮೊದಲು ಅದೇ ಪುಟಕ್ಕೆ ಹೋಗಿ ಆ ಪಾಸ್‌ವರ್ಡನ್ನು ರದ್ದು ಮಾಡಿ. ನನ್ನ ಸಲಹೆ ಕೇಳಿದರೆ, ಪ್ರಾಜೆಕ್ಟ್‌ಗೆ ಅಂತಲೇ ಬೇರೆ ಜಿಮೇಲ್ ಖಾತೆ ಮಾಡಿಕೊಳ್ಳಿ. ಆಫರ್ ಲೆಟರ್ ಬರೋ ಖಾತೆಯಿಂದ "ಟ್ಯಾಂಕ್ ತುಂಬಿದೆ" ಅಂತ ಮೇಲ್ ಕಳಿಸೋ ಅಗತ್ಯ ಏನಿದೆ?

ಎರಡು ಮಿತಿಗಳನ್ನೂ ಹೇಳಿಬಿಡ್ತೀನಿ. ಕಾಲೇಜು ಕೊಟ್ಟ ಖಾತೆಯಲ್ಲಿ ಆ್ಯಪ್ ಪಾಸ್‌ವರ್ಡ್ ಪುಟ ತೆರೆಯದಿದ್ದರೆ, ಅಡ್ಮಿನ್ ಅದನ್ನು ನಿಲ್ಲಿಸಿರಬಹುದು. ನೀವು ಎಷ್ಟು ತಿಣುಕಿದರೂ ಬರೋದಿಲ್ಲ, ಸಿಸ್ಟಮ್ ಅಡ್ಮಿನ್ ಅವರನ್ನೇ ಕೇಳಬೇಕು. ಇನ್ನು ನಿಮ್ಮ ಮೇಲ್ ಮೈಕ್ರೋಸಾಫ್ಟ್‌ನದಾದರೆ ಆ್ಯಪ್ ಪಾಸ್‌ವರ್ಡ್ ಮಂತ್ರ ಅಲ್ಲಿ ನಡೆಯೋದೇ ಇಲ್ಲ. ಸಂಸ್ಥೆಗಳ ಖಾತೆಗಳಲ್ಲಿ ಐಮ್ಯಾಪ್‌ಗೆ ಬರೀ ಪಾಸ್‌ವರ್ಡ್‌ನ ಲಾಗಿನ್ ಅನ್ನು ಅವರು 2022ರ ಅಕ್ಟೋಬರ್‌ನಿಂದ ಮುಚ್ಚುತ್ತಾ ಬಂದರು, ವೈಯಕ್ತಿಕ ಔಟ್‌ಲುಕ್ ಖಾತೆಗಳಲ್ಲಿ 2024ರ ಸೆಪ್ಟೆಂಬರ್ 16ಕ್ಕೆ ನಿಲ್ಲಿಸಿದರು. ಅಲ್ಲಿ ಉಳಿದಿರೋದು ಟೋಕನ್‌ನ ದಾರಿ ಒಂದೇ.

"ಟು-ಸ್ಟೆಪ್ ಕಾಟ" ಅನ್ನೋರಿಗೆ

ಸೀನಿಯರ್ ಮಾತನ್ನು ನಾನು ಪೂರ್ತಿ ತಳ್ಳಿಹಾಕ್ತಿಲ್ಲ. ನಮ್ಮ ಹಾಸ್ಟೆಲ್‌ನ ಹಿಂದಿನ ಬ್ಲಾಕ್‌ನಲ್ಲಿ ಸಿಗ್ನಲ್ ಸಿಗೋದೇ ಪುಣ್ಯ, ಓಟಿಪಿ ಎಸ್‌ಎಂಎಸ್ ಬರೋ ಹೊತ್ತಿಗೆ ಅದರ ಕಾಲ ಮುಗಿದಿರುತ್ತೆ. ಫೋನ್ ಕಳೆದರೆ ಖಾತೆಯೇ ಹೋಯ್ತು ಅನ್ನೋ ಭಯವೂ ಸುಳ್ಳಲ್ಲ. ಆದರೆ ಎರಡಕ್ಕೂ ಟು-ಸ್ಟೆಪ್ ತೆಗೆಯದೆಯೇ ಪರಿಹಾರ ಇದೆ.

ಸಿಗ್ನಲ್ ಸಮಸ್ಯೆಗೆ ಅಥೆಂಟಿಕೇಟರ್ ಆ್ಯಪ್. ಅದರ ಆರು ಅಂಕಿ 30 ಸೆಕೆಂಡಿಗೊಮ್ಮೆ ಬದಲಾಗುತ್ತೆ, ಅದಕ್ಕೆ ನೆಟ್‌ವರ್ಕ್ ಬೇಕಾಗಿಲ್ಲ. ಮೊದಲೇ ಹಂಚಿಕೊಂಡ ಒಂದು ಗುಟ್ಟಿನ ಸಂಖ್ಯೆ ಮತ್ತು ಈಗಿನ ಸಮಯ, ಇವೆರಡರಿಂದ ಫೋನೂ ಸರ್ವರೂ ಬೇರೆ ಬೇರೆಯಾಗಿ ಲೆಕ್ಕ ಹಾಕ್ತವೆ. ಹಾಗಾಗಿ ಕೋಡ್ ಪದೇ ಪದೇ ತಪ್ಪು ಅಂತ ಬರ್ತಿದ್ದರೆ ನೋಡಬೇಕಾದ್ದು ಫೋನಿನ ಗಡಿಯಾರ. ಆಟೋಮ್ಯಾಟಿಕ್ ಟೈಮ್ ಆಫ್ ಮಾಡಿ ಕೆಲವು ನಿಮಿಷ ಮುಂದಿಟ್ಟುಕೊಂಡಿದ್ದರೆ ಕೋಡ್ ಹೊಂದೋದಿಲ್ಲ.

ಫೋನ್ ಕಳೆಯೋ ಭಯಕ್ಕೆ ಬ್ಯಾಕಪ್ ಕೋಡ್. ಗೂಗಲ್ ಒಂದು ಸಲಕ್ಕೆ 10 ಕೋಡ್ ಕೊಡುತ್ತೆ, ತಲಾ 8 ಅಂಕಿ, ಒಂದೊಂದೂ ಒಂದೇ ಸಲ ನಡೆಯುತ್ತೆ. ಅದನ್ನು ಫೋನಿನ ಗ್ಯಾಲರಿಯಲ್ಲಿ ಸ್ಕ್ರೀನ್‌ಶಾಟ್ ಇಟ್ಟರೆ ಫೋನ್ ಜೊತೆಗೇ ಹೋಗುತ್ತೆ. ಕಾಗದದ ಮೇಲೆ ಬರೆದು, ಮಾರ್ಕ್ಸ್ ಕಾರ್ಡ್ ಇಡೋ ಫೈಲ್‌ನಲ್ಲಿ ಇಡಿ.

ಕೊನೆಯದಾಗಿ ನಮ್ಮ ಕಾಲೇಜಿಗೂ ಒಂದು ಮಾತು. ಇಲ್ಲದ ಸ್ವಿಚ್ ಆನ್ ಮಾಡಿ ಅನ್ನೋ ಆ ಪಿಡಿಎಫ್ ದಯವಿಟ್ಟು ತೆಗೆಯಿರಿ. ಅದರ ಬದಲು ಒಂದೇ ಹಾಳೆ ಸಾಕು: ಮೊದಲು ಬ್ರೌಸರ್‌ನಲ್ಲಿ ನೋಡು, ಆಮೇಲೆ ಮೊಬೈಲ್ ಡೇಟಾದಲ್ಲಿ ನೋಡು, ಆಮೇಲೆ ಖಾತೆ ತೆಗೆದು "ಗೂಗಲ್" ಆರಿಸಿ ಮತ್ತೆ ಸೇರಿಸು. ಕೆಳಗೆ ದಪ್ಪ ಅಕ್ಷರದಲ್ಲಿ, ಟು-ಸ್ಟೆಪ್ ತೆಗೆಯಬೇಡ. ಪ್ಲೇಸ್‌ಮೆಂಟ್ ಸೆಲ್‌ನವರು ಮೊದಲ ಮೀಟಿಂಗ್‌ನಲ್ಲಿ ಐದು ನಿಮಿಷ ಇದಕ್ಕೆ ಕೊಟ್ಟರೆ, ಟೆಸ್ಟ್ ಬರೆಯದೆಯೇ ಹೊರಗುಳಿಯೋರು ಒಬ್ಬರಾದರೂ ಕಮ್ಮಿ ಆಗ್ತಾರೆ.

ರೂಮ್‌ಮೇಟ್ ಆ ಕಂಪನಿಗೆ ಮೇಲ್ ಬರೆದು ಇನ್ನೊಂದು ಅವಕಾಶ ಕೇಳಿದ. ಉತ್ತರ ಬರಲಿಲ್ಲ. ಬರಲಿಲ್ಲ ಅಂತ ಅವನು ಖಾತ್ರಿಯಾಗಿ ಹೇಳ್ತಾನೆ, ಯಾಕಂದ್ರೆ ಈಗ ದಿನಾ ರಾತ್ರಿ ಮಲಗೋ ಮುಂಚೆ ಒಮ್ಮೆ ಬ್ರೌಸರ್‌ನಲ್ಲೂ ತೆರೆದು ನೋಡ್ತಾನೆ.